ದಾನಪತ್ರವೋ ವಿಲ್ಲೋ: ಮನೆ ಅಮ್ಮನ ಕೈಬಿಡುವುದು ಯಾವಾಗ?

"ಕೈಕಾಲು ಗಟ್ಟಿ ಇರುವಾಗಲೇ ಮನೆ ಮಗನ ಹೆಸರಿಗೆ ಬರೆದುಕೊಟ್ಟುಬಿಡ್ತೀನಿ. ನಾನು ಹೋದಮೇಲೆ ನೀವು ಕೋರ್ಟು ಕಚೇರಿ ಅಂತ ಅಲೆಯೋದು ಬೇಡ." ವಯಸ್ಸಾದ ತಾಯಿಯೋ ತಂದೆಯೋ ಹೀಗೆ ಹೇಳಿದಾಗ ಮಕ್ಕಳು ಸುಮ್ಮನೆ ತಲೆಯಾಡಿಸುವುದೇ ಹೆಚ್ಚು. ಆಸ್ತಿಯ ಮಾತು ಬೆಳೆಸಿದರೆ ಆಸೆಬುರುಕರು ಅನ್ನಿಸಿಕೊಳ್ಳುತ್ತೇವೆ ಎಂಬ ಅಳುಕು ಒಬ್ಬರಿಗೆ, ಬೇಡ ಎಂದರೆ ಅಮ್ಮನಿಗೆ ನೋವಾದೀತು ಎಂಬ ಅಳುಕು ಇನ್ನೊಬ್ಬರಿಗೆ. ಹಾಗಾಗಿ ಆ ಮಾತು ಅಲ್ಲಿಗೇ ನಿಂತು, ಒಂದು ದಿನ ನೇರವಾಗಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟಿನ ಗುರುತಾಗಿ ಮುಗಿಯುತ್ತದೆ. ನಡುವೆ ಆಗಬೇಕಿದ್ದ ಒಂದು ಮಾತುಕತೆ ಮಾತ್ರ ಆಗಿರುವುದಿಲ್ಲ.

ಆ ಮಾತುಕತೆಯ ತಿರುಳು ಇಷ್ಟೇ. ಮನೆಯನ್ನು ಮಕ್ಕಳಿಗೆ ಕೊಡಲು ಸಾಮಾನ್ಯವಾಗಿ ಬಳಸುವ ಕಾಗದ ಎರಡು. ಒಂದು ದಾನಪತ್ರ, ಜನರ ಮಾತಿನಲ್ಲಿ ಗಿಫ್ಟ್ ಡೀಡ್. ಇನ್ನೊಂದು ಉಯಿಲು ಅಥವಾ ಮರಣಶಾಸನ, ಜನರ ಮಾತಿನಲ್ಲಿ ವಿಲ್. ಎರಡರಲ್ಲೂ ಮನೆ ಸೇರುವುದು ಅದೇ ಮಗನಿಗೆ, ಅದೇ ಮಗಳಿಗೆ ಆಗಬಹುದು. ಆದರೆ ದಾನಪತ್ರದಲ್ಲಿ ಮನೆ ನೋಂದಣಿಯಾದ ದಿನವೇ ತಾಯಿಯ ಕೈಬಿಡುತ್ತದೆ. ವಿಲ್‌ನಲ್ಲಿ ಆಕೆಯ ಕೊನೆಯ ದಿನದವರೆಗೂ ಮನೆ ಆಕೆಯದೇ. ಹಿರಿಯರಿಗೆ ವಿವರಿಸುವಾಗ "ಯಾರಿಗೆ ಕೊಡುತ್ತೀ" ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು "ಯಾವತ್ತಿನಿಂದ ಕೊಡುತ್ತೀ" ಎಂದು.

ಒಂದು ಉದಾಹರಣೆಯನ್ನು ಇಟ್ಟುಕೊಂಡು ಇದನ್ನು ನೋಡೋಣ. ಹಾಸನದಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದಾರೆ ಎಂದುಕೊಳ್ಳಿ. ವಯಸ್ಸು 74. ಪತಿ ತೀರಿಕೊಂಡಿದ್ದಾರೆ. ಕೆಳಗಡೆ ತಾವಿದ್ದಾರೆ, ಮಹಡಿ ಬಾಡಿಗೆಗೆ ಕೊಟ್ಟಿದ್ದಾರೆ. ಪಿಂಚಣಿಯ ಜೊತೆಗೆ ಆ ಬಾಡಿಗೆಯೂ ಸೇರಿ ಅವರ ಜೀವನ ನಡೆಯುತ್ತದೆ. ಮಗ ಬೆಂಗಳೂರಿನಲ್ಲಿ, ಮಗಳು ಮೈಸೂರಿನಲ್ಲಿ. ಮಗನಿಗೆ ಮನೆಯನ್ನು ದುರಸ್ತಿ ಮಾಡಿಸಿ ಇನ್ನೊಂದು ಮಹಡಿ ಏರಿಸುವ ಆಸೆ. ಮನೆ ತನ್ನ ಹೆಸರಿನಲ್ಲಿದ್ದರೆ ಬ್ಯಾಂಕಿನ ಸಾಲ ಸುಲಭ ಎನ್ನುತ್ತಾನೆ. ಅಮ್ಮ ಗಿಫ್ಟ್ ಡೀಡ್ ಮಾಡಿಕೊಡಲು ಸಿದ್ಧರಾಗಿದ್ದಾರೆ. ಮಗಳು ರಜೆಗೆ ಬಂದವಳು ಅಮ್ಮನ ಪಕ್ಕ ಕೂತು ವಿವರಿಸಬೇಕು.

ಮೊದಲು, ಮನೆ ಪೂರ್ತಿ ಅಮ್ಮನದೇ?

ಎರಡು ಕಾಗದಗಳ ಹೋಲಿಕೆಗೆ ಹೋಗುವ ಮೊದಲು ಮಗಳು ಬೀರುವಿನಿಂದ ಮನೆಯ ಕ್ರಯಪತ್ರವನ್ನು ತೆಗೆಸಬೇಕು. ಖಾತೆ ಮತ್ತು ಕಂದಾಯದ ರಸೀದಿ ಅಮ್ಮನ ಹೆಸರಿನಲ್ಲಿ ಇದ್ದ ಮಾತ್ರಕ್ಕೆ ಮನೆ ಪೂರ್ತಿ ಅಮ್ಮನದು ಎಂದಾಗುವುದಿಲ್ಲ. ಖಾತೆ ಇರುವುದು ಕಂದಾಯ ಯಾರಿಂದ ವಸೂಲು ಮಾಡಬೇಕು ಎಂದು ತಿಳಿಯಲು. ಮಾಲೀಕತ್ವ ತಿಳಿಯುವುದು ಮೂಲ ಪತ್ರದಿಂದ.

ಈ ಶಿಕ್ಷಕಿ ತಮ್ಮ ಸಂಬಳದಲ್ಲಿ ನಿವೇಶನ ಕೊಂಡು, ಕ್ರಯಪತ್ರ ತಮ್ಮ ಹೆಸರಿಗೇ ಆಗಿದ್ದರೆ ಮನೆ ಅವರ ಸ್ವಯಾರ್ಜಿತ. ದಾನ ಕೊಡಬಹುದು, ವಿಲ್ ಬರೆಯಬಹುದು, ಮಾರಲೂಬಹುದು. ಮಕ್ಕಳ ಒಪ್ಪಿಗೆ ಬೇಕಿಲ್ಲ.

ಆದರೆ ಕ್ರಯಪತ್ರ ಪತಿಯ ಹೆಸರಿನಲ್ಲಿದ್ದು, ಅವರು ವಿಲ್ ಬರೆಯದೆ ತೀರಿಕೊಂಡಿದ್ದರೆ ಕಥೆಯೇ ಬೇರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಪತಿಯ ಸ್ವಯಾರ್ಜಿತ ಮನೆ ಹೆಂಡತಿ, ಮಗ, ಮಗಳಿಗೆ ಸಮವಾಗಿ ಹಂಚಿಹೋಗಿರುತ್ತದೆ. ಪತಿಯ ತಾಯಿ ಆಗ ಬದುಕಿದ್ದರೆ ಅವರಿಗೂ ಒಂದು ಪಾಲು. ಖಾತೆ ಅಮ್ಮನ ಹೆಸರಿಗೆ ಆಗಿದ್ದರೂ ಅಮ್ಮನಿಗಿರುವುದು ಮೂರರಲ್ಲಿ ಒಂದು ಪಾಲು ಮಾತ್ರ. ಆಗ ಅಮ್ಮ ಇಡೀ ಮನೆಯನ್ನು ಮಗನಿಗೆ ದಾನ ಬರೆದುಕೊಟ್ಟರೆ ಮಗಳ ಪಾಲು ಆ ಪತ್ರದಿಂದ ಮಗನಿಗೆ ಹೋಗುವುದಿಲ್ಲ. ಮಗಳೂ ಬಿಟ್ಟುಕೊಡಲು ಒಪ್ಪಿದರೆ ಆಕೆ ಪ್ರತ್ಯೇಕವಾಗಿ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಬೇಕು. ಮನೆಮಂದಿಯ ನಡುವಿನ ಎಷ್ಟೋ ಮೊಕದ್ದಮೆಗಳ ಬೇರು ಇರುವುದು ಇಲ್ಲೇ.

ಪಿತ್ರಾರ್ಜಿತವಾಗಿ ಬಂದು ಇನ್ನೂ ವಿಭಾಗವಾಗದ ಅವಿಭಕ್ತ ಕುಟುಂಬದ ಆಸ್ತಿಯಾದರೆ ದಾನಕ್ಕೂ ವಿಲ್ಲಿಗೂ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ತನ್ನ ಪಾಲಿನ ಬಗ್ಗೆ ಒಬ್ಬರು ವಿಲ್ ಬರೆಯಬಹುದು. ಉಳಿದ ಪಾಲುದಾರರ ಒಪ್ಪಿಗೆ ಇಲ್ಲದೆ ಆ ಅವಿಭಜಿತ ಪಾಲನ್ನು ದಾನ ಕೊಡುವಂತಿಲ್ಲ. ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ, ಪ್ರೀತಿ ವಿಶ್ವಾಸದಿಂದ ಕೊಟ್ಟೆ ಎಂದ ಮಾತ್ರಕ್ಕೆ ಅವಿಭಕ್ತ ಕುಟುಂಬದ ಆಸ್ತಿಯ ದಾನ ನಿಲ್ಲುವುದಿಲ್ಲ ಎಂದು ಹೇಳಿತು.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಹಿಂದೂ ಕುಟುಂಬಗಳ ವಿಚಾರ. ಮುಸ್ಲಿಂ ಕುಟುಂಬಗಳಲ್ಲಿ ಹಿಬಾ ಎಂಬ ದಾನಕ್ಕೆ ಅದರದೇ ನಿಯಮಗಳಿವೆ. ವಾರಸುದಾರರ ಒಪ್ಪಿಗೆ ಇಲ್ಲದಿದ್ದರೆ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಗೆ ವಿಲ್ ಬರೆಯುವಂತಿಲ್ಲ.

ನೋಂದಣಿಯ ಮರುದಿನ ಏನಾಗುತ್ತದೆ?

ಹಿರಿಯರಿಗೆ ಕಾನೂನಿನ ಕಲಮುಗಳನ್ನು ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ. ಕಾಗದಕ್ಕೆ ಸಹಿ ಹಾಕಿದ ಮರುದಿನ ಬೆಳಿಗ್ಗೆ ಏನು ಬದಲಾಗಿರುತ್ತದೆ ಎಂದು ಹೇಳಿದರೆ ಹತ್ತುತ್ತದೆ.

ದಾನಪತ್ರವಾದರೆ ಮರುದಿನ ಮನೆಯ ಮಾಲೀಕ ಮಗ. ಪತ್ರದಲ್ಲಿ ಬೇರೆ ಏನೂ ಬರೆಯದಿದ್ದರೆ ಮಹಡಿಯ ಬಾಡಿಗೆ ಮಗನಿಗೆ ಸೇರಬೇಕಾದದ್ದು. ಮನೆಯನ್ನು ಅಡ ಇಡುವುದು, ಮಾರುವುದು, ಕೆಡವುವುದು ಅವನ ಇಷ್ಟ. ಅಮ್ಮ ಕೆಳಗಿನ ಮನೆಯಲ್ಲೇ ಮೊದಲಿನಂತೆ ಇರುತ್ತಾರೆ, ನಿಜ. ಆದರೆ ಇರುವುದು ಮಗನ ಮನೆಯಲ್ಲಿ. ವಿಲ್ ಆದರೆ ಮರುದಿನ ಏನೂ ಬದಲಾಗಿರುವುದಿಲ್ಲ. ಖಾತೆ ಅಮ್ಮನದು, ಬಾಡಿಗೆ ಅಮ್ಮನದು. ಕಾಯಿಲೆ ಬಿದ್ದು ಹಣ ಬೇಕಾದರೆ ಅಮ್ಮ ಆ ಮನೆಯನ್ನು ಮಾರಲೂಬಹುದು. ಮನಸ್ಸು ಬದಲಾದರೆ ಇನ್ನೊಂದು ವಿಲ್ ಬರೆಯಬಹುದು.

"ನನ್ನ ಮಗ ನನ್ನನ್ನು ಹೊರಗೆ ಹಾಕ್ತಾನಾ?" ಎಂದು ಅಮ್ಮ ಕೇಳುವುದು ಇಲ್ಲೇ. ಮಗಳು ಇದಕ್ಕೆ ಅಣ್ಣನ ಗುಣದ ಮಾತು ಎತ್ತಬಾರದು. ಎತ್ತಿದರೆ ಮಾತುಕತೆ ಜಗಳವಾಗುತ್ತದೆ. ಅಣ್ಣ ಒಳ್ಳೆಯವನೇ ಎಂದು ಒಪ್ಪಿಕೊಂಡು ಬೇರೆ ಪ್ರಶ್ನೆ ಇಡಬೇಕು: "ಅಮ್ಮ, ಅಣ್ಣ ಎಷ್ಟೇ ಒಳ್ಳೆಯವನಾಗಿರಲಿ, ಅವನಿಗೇ ಏನಾದರೂ ಆದರೆ?"

ಈ ಪ್ರಶ್ನೆಗೆ ಕಾನೂನಿನ ಉತ್ತರ ಬಹಳ ಜನರಿಗೆ ಗೊತ್ತಿಲ್ಲ. ಅಮ್ಮ ಮನೆಯನ್ನು ಮಗನಿಗೆ ದಾನ ಕೊಟ್ಟರು, ಆಮೇಲೆ ದುರದೃಷ್ಟವಶಾತ್ ಮಗನೇ ಮೊದಲು ತೀರಿಕೊಂಡ, ಅವನು ವಿಲ್ ಬರೆದಿರಲಿಲ್ಲ ಎಂದುಕೊಳ್ಳಿ. ಮನೆ ಅಮ್ಮನಿಗೆ ಹಿಂದಿರುಗುವುದಿಲ್ಲ. ಮಗನ ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿ, ಈ ನಾಲ್ವರಿಗೂ ಸಮಪಾಲು. ಒಂದು ಕಾಲಕ್ಕೆ ಇಡೀ ಮನೆಯ ಒಡತಿಯಾಗಿದ್ದ ಅಮ್ಮನಿಗೆ ಉಳಿಯುವುದು ಕಾಲು ಭಾಗ. ದಾನ ಕೊಟ್ಟವರು ತಾಯಿಯಲ್ಲದೆ ತಂದೆಯಾಗಿದ್ದರೆ ಅದೂ ಇಲ್ಲ. ಸತ್ತ ಮಗನ ಮೊದಲ ಸಾಲಿನ ವಾರಸುದಾರರಲ್ಲಿ ತಾಯಿ ಇದ್ದಾಳೆ, ತಂದೆ ಇಲ್ಲ.

ಮಗಳಿಗೆ ದಾನ ಕೊಟ್ಟಿದ್ದರೂ ಇದೇ ತೊಡಕು, ಇನ್ನೂ ಸ್ವಲ್ಪ ಹೆಚ್ಚೇ. ಮಗಳು ವಿಲ್ ಇಲ್ಲದೆ ತೀರಿಕೊಂಡರೆ ಆ ಮನೆ ಅವಳ ಗಂಡ ಮತ್ತು ಮಕ್ಕಳಿಗೆ ಹೋಗುತ್ತದೆ. ಅವರಿರುವಾಗ ತಾಯಿಗೂ ತಂದೆಗೂ ಪಾಲಿಲ್ಲ. ಹೀಗಾಗಲು ಯಾರೂ ಕೆಟ್ಟವರಾಗಬೇಕಿಲ್ಲ. ಸೊಸೆಗೋ ಅಳಿಯನಿಗೋ ಆ ಹೊತ್ತಿಗೆ ಮಕ್ಕಳನ್ನು ಸಾಕುವ ಚಿಂತೆ ಇರುತ್ತದೆ, ಮನೆ ಮಾರುವುದು ಅವರಿಗೆ ಅನಿವಾರ್ಯವೂ ಆಗಬಹುದು. ಇನ್ನೊಂದು ಅಪಾಯ ಸಾಲದ್ದು. ಮಗನ ವ್ಯಾಪಾರ ಕೈಕೊಟ್ಟರೆ ಸಾಲಗಾರರು ಅವನ ಆಸ್ತಿಗೆ ಕೈಹಾಕುತ್ತಾರೆ. ದಾನವಾದ ಮೇಲೆ ಅಮ್ಮ ವಾಸವಿರುವ ಮನೆಯೂ ಅವನ ಆಸ್ತಿಯೇ.

ದಾನ ಕೊಟ್ಟ ಮೇಲೆ ಹಿಂದಕ್ಕೆ ಪಡೆಯಬಹುದೇ?

"ಸರಿಹೋಗದಿದ್ದರೆ ಕ್ಯಾನ್ಸಲ್ ಮಾಡಿಸಿದರಾಯ್ತು" ಎಂದು ಬಹಳ ಹಿರಿಯರು ನಂಬಿದ್ದಾರೆ. ಈ ನಂಬಿಕೆ ತಪ್ಪು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ದಾನ ನೋಂದಾಯಿತ ಪತ್ರದ ಮೂಲಕವೇ ಆಗಬೇಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ಕೊಡುವವರು ಬದುಕಿರುವಾಗಲೇ ಪಡೆಯುವವರು ಅದನ್ನು ಸ್ವೀಕರಿಸಬೇಕು. ಇಷ್ಟೂ ಆದಮೇಲೆ ಕೊಟ್ಟವರು ತಮ್ಮ ಇಚ್ಛೆಯಂತೆ ಹಿಂದಕ್ಕೆ ಪಡೆಯುವಂತಿಲ್ಲ. ಮೋಸದಿಂದ, ಬಲವಂತದಿಂದ ಅಥವಾ ಅನುಚಿತ ಪ್ರಭಾವದಿಂದ ಬರೆಸಿಕೊಂಡದ್ದು ಎಂದು ನ್ಯಾಯಾಲಯದಲ್ಲಿ ರುಜುವಾದರೆ ದಾನ ಬೀಳುತ್ತದೆ. ಇಂಥದೊಂದು ಸಂಗತಿ ನಡೆದರೆ ದಾನ ರದ್ದಾಗಬೇಕು ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದರೂ ಸಾಧ್ಯ, ಆದರೆ ಆ ಸಂಗತಿ ಕೊಟ್ಟವರ ಬರಿಯ ಮನಸ್ಸಿಗೆ ಬಿಟ್ಟದ್ದಾಗಿರಬಾರದು. "ಮಗ ಈಗ ಫೋನು ಮಾಡುವುದಿಲ್ಲ" ಎಂಬ ನೋವಿಗೆ ಈ ಕಾಯ್ದೆಯಲ್ಲಿ ಪರಿಹಾರವಿಲ್ಲ.

ಹಿರಿಯರಿಗೆ ಇನ್ನೊಂದು ಬಾಗಿಲು ತೆರೆದದ್ದು 2007ರಲ್ಲಿ ಬಂದ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಇದರ 23ನೇ ಕಲಮು ಹೇಳುವುದು ಹೀಗೆ: 60 ದಾಟಿದವರು, ತಮ್ಮ ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆ ಮೋಸದಿಂದ ಆದದ್ದು ಎಂದೇ ಪರಿಗಣಿತವಾಗುತ್ತದೆ. ಕೊಟ್ಟವರು ಬಯಸಿದರೆ ನ್ಯಾಯಮಂಡಳಿ ಅದನ್ನು ರದ್ದು ಎಂದು ಘೋಷಿಸಬಹುದು. ನಮ್ಮ ರಾಜ್ಯದಲ್ಲಿ ಈ ಮಂಡಳಿಯ ಅಧ್ಯಕ್ಷತೆ ಉಪವಿಭಾಗಾಧಿಕಾರಿಗಳದ್ದು, ಜನ ಎ.ಸಿ. ಕೋರ್ಟು ಎನ್ನುವುದು ಅದಕ್ಕೇ.

ಇಲ್ಲಿ ಎಲ್ಲವೂ ನಿಂತಿರುವುದು ಷರತ್ತಿನ ಮೇಲೆ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ ತಾಯಿ ಮಕ್ಕಳಿಗೆ ಬರೆದುಕೊಟ್ಟ ಪತ್ರದಲ್ಲಿ ನೋಡಿಕೊಳ್ಳಬೇಕೆಂಬ ಷರತ್ತೇ ಇರಲಿಲ್ಲ. ಷರತ್ತು ಇತ್ತೆಂದು ತೋರಿಸದೆ ಈ ಕಲಮಿನ ಕೆಳಗೆ ರದ್ದು ಮಾಡಲಾಗದು ಎಂದು ನ್ಯಾಯಾಲಯ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣ ಬಂತು. ಅಲ್ಲಿ ದಾನಪತ್ರದಲ್ಲೇ ಮಗ ತಾಯಿಯನ್ನು ನೋಡಿಕೊಳ್ಳುತ್ತಿರುವ ಮಾತಿತ್ತು, ಕೊನೆಯವರೆಗೂ ನೋಡಿಕೊಳ್ಳುತ್ತೇನೆ ಎಂದು ಮಗ ಬರೆದುಕೊಟ್ಟದ್ದೆಂದು ತಾಯಿ ಮುಂದಿಟ್ಟ ಒಂದು ವಚನಪತ್ರವೂ ಇತ್ತು. ನ್ಯಾಯಾಲಯ ದಾನವನ್ನು ರದ್ದುಮಾಡಿ ಆಸ್ತಿಯ ಸ್ವಾಧೀನವನ್ನೂ ತಾಯಿಗೆ ಮರಳಿಸಿತು. ಎರಡನ್ನೂ ಒಟ್ಟಿಗೆ ಓದಿದರೆ ಪಾಠ ಸ್ಪಷ್ಟ. ಬಾಯಿಮಾತಿನ ಭರವಸೆಯನ್ನು ನಂಬಿ ಕೂರಬಾರದು, ಪತ್ರದಲ್ಲೇ ಬರೆಸಬೇಕು.

ಹಾಗಾಗಿ ಅಮ್ಮ ದಾನವನ್ನೇ ಆರಿಸಿಕೊಂಡರೆ ಪತ್ರ ಬರಹಗಾರರ ಹತ್ತಿರ ಎರಡು ಅಂಶಗಳನ್ನು ಸೇರಿಸಲು ಹೇಳಬೇಕು. ಮೊದಲನೆಯದು ಜೀವಿತಾವಧಿಯ ಹಕ್ಕು. "ನನ್ನ ಜೀವಮಾನ ಪರ್ಯಂತ ಸದರಿ ಮನೆಯಲ್ಲಿ ವಾಸಿಸುವ ಮತ್ತು ಅದರ ಬಾಡಿಗೆಯನ್ನು ಪಡೆದು ಅನುಭವಿಸುವ ಹಕ್ಕನ್ನು ನಾನು ಉಳಿಸಿಕೊಂಡಿರುತ್ತೇನೆ" ಎಂಬಂಥ ಒಂದು ವಾಕ್ಯ ಸಾಕು. ಹೀಗೆ ಅನುಭೋಗದ ಹಕ್ಕನ್ನು ತಾವೇ ಇಟ್ಟುಕೊಂಡರೂ ನೋಂದಾಯಿತ ದಾನ ಊರ್ಜಿತವೇ ಎಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಮಾನಿಸಿದೆ. ಎರಡನೆಯದು ಪೋಷಣೆಯ ಷರತ್ತು: ಊಟ, ವಸತಿ, ಔಷಧೋಪಚಾರವನ್ನು ಪಡೆಯುವವರು ನೋಡಿಕೊಳ್ಳಬೇಕು, ತಪ್ಪಿದರೆ 2007ರ ಕಾಯ್ದೆಯ 23ನೇ ಕಲಮಿನಂತೆ ದಾನವನ್ನು ರದ್ದುಪಡಿಸಿಕೊಳ್ಳಲು ಕೊಟ್ಟವರು ಹಕ್ಕುಳ್ಳವರು ಎಂದು. ಒಳ್ಳೆಯ ಮಗನಿಗೆ ಈ ಎರಡು ವಾಕ್ಯಗಳಿಂದ ಯಾವ ನಷ್ಟವೂ ಇಲ್ಲ. ಬೇಡ ಎಂದು ಹಟ ಹಿಡಿದರೆ ಸಹಿ ಹಾಕುವ ಮುಂಚೆಯೇ ಅಮ್ಮನಿಗೆ ಒಂದು ವಿಷಯ ತಿಳಿದಂತಾಯಿತು.

ಆದರೂ ಒಂದು ಮಿತಿಯನ್ನು ಅಮ್ಮನಿಗೆ ಹೇಳಲೇಬೇಕು. ಷರತ್ತು ಎಷ್ಟೇ ಚೆನ್ನಾಗಿದ್ದರೂ ಅದನ್ನು ಜಾರಿ ಮಾಡಿಸಲು ಎ.ಸಿ. ಕಚೇರಿಗೆ ಅರ್ಜಿ ಹಿಡಿದು ಹೋಗಬೇಕಾದವರು ಆಗ ಇನ್ನಷ್ಟು ಮುಪ್ಪಾಗಿರುವ ಅಮ್ಮನೇ. ಹೋಗಬೇಕಾದದ್ದು ಹೆತ್ತ ಮಗನ ವಿರುದ್ಧ.

ವಿಲ್ ಬರೆಯುವುದು ಸುಲಭ, ನಿಲ್ಲಿಸುವುದು ಕಷ್ಟ

ಇಷ್ಟು ಕೇಳಿದ ಅಮ್ಮ "ಹಾಗಾದರೆ ವಿಲ್ಲೇ ವಾಸಿ" ಎನ್ನಬಹುದು. ವಿಲ್ಲಿನ ದೌರ್ಬಲ್ಯವನ್ನೂ ಅಷ್ಟೇ ಪ್ರಾಮಾಣಿಕವಾಗಿ ಹೇಳದಿದ್ದರೆ ವಿವರಣೆ ಅರ್ಧವಾಗುತ್ತದೆ.

ವಿಲ್ ಬರೆಯಲು ಬೇಕಾದದ್ದು ಬಹಳ ಕಡಿಮೆ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಕೈಯಲ್ಲೇ ಬರೆಯಬಹುದು, ಕನ್ನಡದಲ್ಲೇ ಬರೆಯಬಹುದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಮುಖ್ಯವಾಗಿ ಇಷ್ಟು: ಬರೆಯುವವರ ಬುದ್ಧಿ ಸ್ವಸ್ಥವಾಗಿರಬೇಕು, ಅವರು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅವರ ಸಮಕ್ಷಮದಲ್ಲಿ ಸಹಿ ಮಾಡಬೇಕು. ನೋಂದಣಿ ಕಡ್ಡಾಯವಲ್ಲ. ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದಾಗಿ ಬರೆದದ್ದೇ ಊರ್ಜಿತ. ಮೊದಲಿನದು ನೋಂದಾಯಿತವಾಗಿದ್ದು ಆಮೇಲಿನದು ನೋಂದಣಿಯಾಗಿರದಿದ್ದರೂ, ರುಜುವಾತಾದರೆ ಆಮೇಲಿನದೇ ನಿಲ್ಲುತ್ತದೆ.

ಈ ಸುಲಭತೆಯೇ ವಿಲ್ಲಿನ ತೊಡಕು ಕೂಡ. ವಿಲ್ಲಿನ ಬಗ್ಗೆ ತಕರಾರು ಏಳುವ ಹೊತ್ತಿಗೆ ಬರೆದವರು ಇರುವುದಿಲ್ಲ. "ಇದು ಅಮ್ಮನ ಸಹಿಯೇ ಅಲ್ಲ", "ಅಮ್ಮನಿಗೆ ಆಗ ನೆನಪೇ ಇರಲಿಲ್ಲ" ಎಂದು ಯಾರಾದರೂ ಹೇಳಿದರೆ ಇಲ್ಲ ಎನ್ನಲು ಅಮ್ಮ ಬರಲಾರರು. ಆಗ ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ತಮ್ಮ ಕಣ್ಣೆದುರೇ ಸಹಿಯಾಯಿತು ಎಂದು ಹೇಳಬೇಕಾಗುತ್ತದೆ. ನೋಂದಣಿಯಾದ ವಿಲ್ಲಿಗೂ ಇದು ತಪ್ಪಿದ್ದಲ್ಲ.

ಮೈಸೂರು ರಾಜ್ಯದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1958ರಲ್ಲಿ ಕೊಟ್ಟ ತೀರ್ಪು ಇಂದಿಗೂ ವಿಲ್ಲಿನ ಪ್ರಕರಣಗಳಿಗೆಲ್ಲ ದಾರಿ ತೋರುತ್ತಿದೆ. ವಿಲ್ಲಿನ ಸುತ್ತ ಅನುಮಾನಕ್ಕೆ ಎಡೆಕೊಡುವ ಸಂಗತಿಗಳಿದ್ದರೆ ಅವನ್ನು ನಿವಾರಿಸುವ ಹೊಣೆ ವಿಲ್ಲನ್ನು ಮುಂದಿಡುವವರದೇ ಎಂದು ಅದು ಹೇಳಿತು. ಅಂಥ ಸಂಗತಿಗಳಲ್ಲಿ ಮುಖ್ಯವಾದದ್ದು, ಆಸ್ತಿ ಪಡೆಯುವವರೇ ಮುಂದೆ ನಿಂತು ವಿಲ್ ಬರೆಸುವುದು. ಸಹಿ ನಡುಗಿದ್ದರೆ, ಹೆಂಡತಿ ಮಕ್ಕಳಲ್ಲಿ ಒಬ್ಬರನ್ನು ಕಾರಣವೇ ಹೇಳದೆ ಬಿಟ್ಟಿದ್ದರೆ, ಬರೆದದ್ದು ಆಸ್ಪತ್ರೆಯ ಹಾಸಿಗೆಯಲ್ಲಾದರೆ ಅನುಮಾನ ಹುಟ್ಟುತ್ತದೆ.

ಇದನ್ನು ತಿಳಿದರೆ ಗಟ್ಟಿಯಾದ ವಿಲ್ ಹೇಗಿರಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಆರೋಗ್ಯ ಚೆನ್ನಾಗಿರುವಾಗಲೇ ಬರೆಯಬೇಕು. ವಕೀಲರನ್ನು ಅಮ್ಮನೇ ಕಂಡು ಮಾತಾಡಬೇಕು, ಆಗ ಮಕ್ಕಳು ಹೊರಗಿರಬೇಕು. ಸಾಕ್ಷಿಗಳು ಅಮ್ಮನಿಗಿಂತ ಕಿರಿಯರಾಗಿರಲಿ, ಹತ್ತಿರದಲ್ಲೇ ಇರುವವರಾಗಿರಲಿ, ವಿಲ್ಲಿನಿಂದ ಏನನ್ನೂ ಪಡೆಯದವರಾಗಿರಲಿ. ಪರಿಚಯದ ವೈದ್ಯರು, ಜೊತೆಗೆ ಕೆಲಸ ಮಾಡಿದ ಕಿರಿಯ ಶಿಕ್ಷಕಿ ಇಂಥವರು ಒಳ್ಳೆಯದು. ಬುದ್ಧಿ ಸ್ವಸ್ಥವಾಗಿದೆ ಎಂಬ ವೈದ್ಯರ ಪ್ರಮಾಣಪತ್ರವನ್ನು ಅದೇ ದಿನ ಪಡೆದು ಜೊತೆಗಿಟ್ಟರೆ ಮುಂದೆ ಬಹಳ ಉಪಕಾರಕ್ಕೆ ಬರುತ್ತದೆ. ಪ್ರತಿ ಪುಟಕ್ಕೂ ಸಹಿ ಇರಲಿ. ಮನೆಯ ವಿವರದಲ್ಲಿ ಖಾತೆ ಸಂಖ್ಯೆ, ಅಳತೆ, ಚಕ್ಕುಬಂದಿ ಕ್ರಯಪತ್ರದಲ್ಲಿ ಇರುವಂತೆಯೇ ಇರಲಿ.

ಕಡ್ಡಾಯವಲ್ಲದಿದ್ದರೂ ವಿಲ್ಲನ್ನು ನೋಂದಾಯಿಸುವುದು ಮೇಲು. ಅಮ್ಮನ ಫೋಟೊ, ಹೆಬ್ಬೆಟ್ಟು ದಾಖಲೆಗೆ ಸೇರುತ್ತವೆ, ಕಾಗದ ಕಳೆದುಹೋದರೂ ಪ್ರತಿ ಸಿಗುತ್ತದೆ. ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ಮಾಡಿಸಬಹುದು. ನಡೆಯಲಾಗದವರಿಗೆ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಮನೆಗೇ ಬಂದು ನೋಂದಾಯಿಸುವ ಅವಕಾಶ ಕಾನೂನಿನಲ್ಲಿದೆ. ಇದು ದಾನಪತ್ರಕ್ಕೂ ಅನ್ವಯಿಸುತ್ತದೆ. ವಿಲ್ಲಿನಲ್ಲಿರುವುದು ಯಾರಿಗೂ ತಿಳಿಯಬಾರದು ಎಂದಿದ್ದರೆ ಮುದ್ರೆ ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡಬಹುದು.

ಖರ್ಚು ಮತ್ತು ಆಮೇಲಿನ ಓಡಾಟ

"ವಿಲ್ ಆದರೆ ಮಕ್ಕಳು ಆಮೇಲೆ ತೆರಿಗೆ ಕಟ್ಟಬೇಕಂತೆ" ಎಂಬ ಮಾತು ಕೇಳಿ ಅವಸರದಲ್ಲಿ ದಾನ ಕೊಡುವವರಿದ್ದಾರೆ. ನಮ್ಮ ದೇಶದಲ್ಲಿ ಸತ್ತವರ ಆಸ್ತಿಯ ಮೇಲಿನ ತೆರಿಗೆ 1985ರಲ್ಲೇ ರದ್ದಾಗಿದೆ. ವಿಲ್ ಮೂಲಕ ಬಂದ ಮನೆಗೂ, ತಂದೆತಾಯಿ ದಾನ ಕೊಟ್ಟ ಮನೆಗೂ ಪಡೆಯುವ ಮಕ್ಕಳು ಆದಾಯ ತೆರಿಗೆ ಕಟ್ಟಬೇಕಿಲ್ಲ. ಕರ್ನಾಟಕದಲ್ಲಿ ಮಗ, ಮಗಳಂಥ ಕುಟುಂಬದವರಿಗೆ ಕೊಡುವ ದಾನಕ್ಕೆ ಮುದ್ರಾಂಕ ಶುಲ್ಕ ಮನೆಯ ಬೆಲೆಯ ಮೇಲೆ ಏರುವುದಿಲ್ಲ, ಊರು ನಗರವೋ ಹಳ್ಳಿಯೋ ಎಂಬುದರ ಮೇಲೆ ನಿಗದಿಯಾದ ಸಣ್ಣ ಮೊತ್ತವಿದೆ. ಕುಟುಂಬದ ಹೊರಗಿನವರಿಗೆ ಕೊಟ್ಟರೆ ಮಾತ್ರ ಮಾರುಕಟ್ಟೆ ಬೆಲೆಯ ಶೇಕಡಾವಾರು ಶುಲ್ಕ ಬೀಳುತ್ತದೆ. ವಿಲ್ಲಿಗೆ ಮುದ್ರಾಂಕ ಶುಲ್ಕವೇ ಇಲ್ಲ. ಹಾಗಾಗಿ ಖರ್ಚಿನ ಲೆಕ್ಕ ಇಲ್ಲಿ ತೀರ್ಮಾನಕ್ಕೆ ಕಾರಣವಾಗಬಾರದು.

ವ್ಯತ್ಯಾಸವಿರುವುದು ಓಡಾಟದಲ್ಲಿ. ದಾನಪತ್ರದ ಓಡಾಟವೆಲ್ಲ ಅಮ್ಮನಿರುವಾಗಲೇ ಮುಗಿಯುತ್ತದೆ. ಇ-ಖಾತೆ, ಋಣಭಾರ ಪತ್ರ, ಆಧಾರ್ ಹೊಂದಿಸಿಕೊಂಡು ಇಬ್ಬರೂ ಸಾಕ್ಷಿಗಳ ಜೊತೆ ಒಮ್ಮೆ ಕಚೇರಿಗೆ ಹೋದರೆ ನೋಂದಣಿ, ಆಮೇಲೆ ಖಾತೆ ಬದಲಾವಣೆ. ವಿಲ್ಲಿನಲ್ಲಿ ಓಡಾಟ ಶುರುವಾಗುವುದು ಅಮ್ಮನ ಕಾಲಾನಂತರ. ಮರಣ ಪ್ರಮಾಣಪತ್ರ, ವಿಲ್, ವಂಶವೃಕ್ಷ ಇಟ್ಟು ನಗರಸಭೆಗೋ ಪಂಚಾಯಿತಿಗೋ ಖಾತೆಗಾಗಿ ಅರ್ಜಿ ಹಾಕಬೇಕು. ಕರ್ನಾಟಕದಲ್ಲಿ ಹಿಂದೂಗಳ ವಿಲ್ಲಿಗೆ ಪ್ರೊಬೇಟ್ ಎಂಬ ನ್ಯಾಯಾಲಯದ ದೃಢೀಕರಣ ಕಡ್ಡಾಯವಲ್ಲ. ಯಾರೂ ಆಕ್ಷೇಪಿಸದಿದ್ದರೆ ಕೆಲಸ ಕಚೇರಿಯಲ್ಲೇ ಮುಗಿಯುತ್ತದೆ. ಆಕ್ಷೇಪಣೆ ಬಂದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. "ಮಕ್ಕಳು ಅಲೆಯಬಾರದು" ಎಂಬ ಅಮ್ಮನ ಆತಂಕದಲ್ಲಿ ಹುರುಳಿರುವುದು ಇಲ್ಲಿ. ಅದಕ್ಕೆ ಮದ್ದು, ವಿಲ್ಲಿನಲ್ಲಿ ಏನಿದೆ ಎಂದು ಇಬ್ಬರು ಮಕ್ಕಳಿಗೂ ಅಮ್ಮ ಬದುಕಿರುವಾಗಲೇ ಹೇಳಿ, ಕಾರಣವನ್ನೂ ತಿಳಿಸುವುದು.

ಹಾಸನದ ಮನೆಗೆ ಯಾವುದು ಸರಿ?

ನಮ್ಮ ಶಿಕ್ಷಕಿಯ ಮನೆ ಸ್ವಯಾರ್ಜಿತ. ಅವರಿಗೆ ಇರುವುದು ಅದೊಂದೇ ಮನೆ, ಅದರ ಬಾಡಿಗೆ ಅವರ ಜೀವನದ ಆಧಾರ. ಬೇರೆ ಆಸ್ತಿ ಎಂದರೆ ಬ್ಯಾಂಕಿನ ಠೇವಣಿ ಮತ್ತು ಒಡವೆ. ಮನೆ ಮಗನಿಗೆ, ಠೇವಣಿ ಮತ್ತು ಒಡವೆ ಮಗಳಿಗೆ ಎಂಬುದು ಅವರ ಮನಸ್ಸು. ಇಷ್ಟು ತಿಳಿದಮೇಲೆ ವಿಲ್ಲೇ ಅವರಿಗೆ ಹೊಂದುವ ಕಾಗದ. ಅದರಲ್ಲಿ ಮನೆ ಮಗನಿಗೆ ಯಾಕೆ, ಮಗಳಿಗೆ ಏನು ಎಂದು ಎರಡು ಸಾಲಿನ ಕಾರಣವಿರಬೇಕು. ಮಗ ತನಗಿಂತ ಮೊದಲು ಹೋದರೆ ಮನೆ ಯಾರಿಗೆ ಎಂಬ ಪರ್ಯಾಯ ಹೆಸರಿರಬೇಕು. ಹೆಸರಿಸದೆ ಉಳಿದ ಇತರ ಆಸ್ತಿ ಯಾರಿಗೆ ಎಂಬ ಒಂದು ವಾಕ್ಯವೂ ಬೇಕು, ಅದನ್ನು ಮರೆಯುವವರೇ ಹೆಚ್ಚು.

ಮಗನ ಸಾಲದ ಮಾತಿಗೆ ಬೇರೆ ದಾರಿಯಿದೆ. ಅಮ್ಮ ಮಾಲೀಕರಾಗಿಯೇ ಉಳಿದು ಸಾಲಕ್ಕೆ ಜೊತೆ ಅರ್ಜಿದಾರರಾಗಿ ಮನೆಯನ್ನು ಅಡಮಾನ ಮಾಡಬಹುದೇ ಎಂದು ಬ್ಯಾಂಕನ್ನು ಕೇಳಬಹುದು. ಕಂತು ತಪ್ಪಿದರೆ ಆಗಲೂ ಮನೆಗೆ ಅಪಾಯವೇ, ಅದನ್ನು ಅಮ್ಮನಿಗೆ ಮುಚ್ಚಿಡಬಾರದು. ಆದರೆ ಸಾಲ ತೀರಿದ ದಿನ ಮನೆ ಅಮ್ಮನದಾಗಿಯೇ ಇರುತ್ತದೆ.

ದಾನಪತ್ರ ಹೊಂದುವ ಸಂದರ್ಭಗಳೂ ಇವೆ. ಅಮ್ಮನಿಗೆ ವಾಸಕ್ಕೆ ಬೇರೆ ಮನೆಯಿದ್ದು ಇದು ಎರಡನೆಯದಾದರೆ, ತಾನು ಹೋದಮೇಲೆ ವಿಲ್ಲಿನ ಬಗ್ಗೆ ನೆಂಟರು ತಕರಾರು ತೆಗೆಯುವುದು ಖಚಿತ ಎನ್ನಿಸಿದರೆ, ಅಥವಾ ಮದುವೆಯಾಗದೆ ತನ್ನನ್ನು ನೋಡಿಕೊಂಡಿರುವ ಮಗಳಿಗೆ ಈಗಲೇ ಭದ್ರವಾದ ನೆಲೆ ಮಾಡಿಕೊಡಬೇಕಿದ್ದರೆ ದಾನವೇ ಬಲವಾದ ಕಾಗದ. ಕೊಟ್ಟವರೇ ಬದುಕಿದ್ದು "ಹೌದು, ನಾನೇ ಕೊಟ್ಟೆ" ಎನ್ನಬಲ್ಲರು ಎಂಬುದು ಅದಕ್ಕಿರುವ ಬಲ. ಆಗಲೂ ಜೀವಿತಾವಧಿಯ ಹಕ್ಕು ಮತ್ತು ಪೋಷಣೆಯ ಷರತ್ತು ಪತ್ರದಲ್ಲಿ ಇರಲೇಬೇಕು.

ಇದನ್ನೆಲ್ಲ ಒಂದೇ ದಿನ ಹೇಳಿ ಮುಗಿಸುವ ಅಗತ್ಯವಿಲ್ಲ. ವಿವರಿಸುವ ಮಗಳಿಗೂ ಆ ಮನೆಯಲ್ಲಿ ಆಸಕ್ತಿ ಇದೆ ಎಂದು ಅಮ್ಮನಿಗೆ ಅನ್ನಿಸುವುದು ಸಹಜ, ಆದ್ದರಿಂದ ಆಕೆ ಅಣ್ಣನನ್ನೂ ಕೂರಿಸಿಕೊಂಡು ಮಾತಾಡುವುದು ಒಳ್ಳೆಯದು. ಕರಡು ಪತ್ರವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿ, ಒಂದು ವಾರ ಅವರ ಹತ್ತಿರವೇ ಬಿಡಬೇಕು. ಆಮೇಲೆ ಒಂದೇ ಪ್ರಶ್ನೆ ಕೇಳಿದರೆ ಸಾಕು: "ಈ ಕಾಗದಕ್ಕೆ ಸಹಿ ಹಾಕಿದ ಮೇಲೆ ಮಹಡಿಯ ಬಾಡಿಗೆ ಯಾರಿಗೆ ಸೇರತ್ತೆ, ಅಮ್ಮ?" ಉತ್ತರ ಸರಿಯಾಗಿ ಬಂದರೆ ಅಮ್ಮನಿಗೆ ಅರ್ಥವಾಗಿದೆ. ತಡವರಿಸಿದರೆ ಕಚೇರಿಗೆ ಹೋಗುವ ದಿನವನ್ನು ಮುಂದೂಡಿ.